ದೂರದ ಕನ್ನಡಕ

ಜಾಹೀರಾತು ಕಚೇರಿಯ ಅಕ್ಕ ಫೋನಿನ ಪರದೆಗಳಲ್ಲಿ ಜಾಹೀರಾತಿಗೆ ಜಾಗ ಕೊಳ್ಳುವವಳು. ಹೊಸ ಕಣ್ಣಾಸ್ಪತ್ರೆಯ ಡಾಕ್ಟರು ಒಂದು ದಿನ ತಮ್ಮ ಜಾಹೀರಾತಿನ ರಿಪೋರ್ಟ್ ಹಿಡಿದು ಕೆಂಡವಾಗಿ ಬಂದರು.

"ಎರಡು ಲಕ್ಷ ಸಲ ತೋರಿಸಿ ಇನ್ನೂರೇ ಕ್ಲಿಕ್ಕಾ? ನಿಲ್ಲಿಸಿಬಿಡಿ!"

ಅಕ್ಕ ಕೈಯಲ್ಲಿದ್ದ ಚಹಾ ಲೋಟವನ್ನು ಮೇಜಿನ ಮೇಲಿಟ್ಟಳು. ಅವರು ಕೈಬಿಟ್ಟರೆ ಅವಳ ಕೆಲಸವೂ ಹೋದಂತೆ.

"ಡಾಕ್ಟ್ರೇ, ಊರಿಗೆ ಹೆಸರು ಗೊತ್ತಾಗ್ಲಿ ಅಂದೋರು ನೀವೇ. ಅದಕ್ಕೇ ಸಾವಿರ ಸಲ ತೋರಿಸಿದ್ರೆ ಇಷ್ಟು ದುಡ್ಡು ಅಂತ ಜಾಗ ಕೊಂಡೆ. ಇದ್ರಲ್ಲಿ ನೋಡಬೇಕಾದ್ದು ಎಷ್ಟು ಜನಕ್ಕೆ ಕಾಣಿಸ್ತು ಅನ್ನೋದು. ಐವತ್ತು ಸಾವಿರ ಜನ, ಒಬ್ಬೊಬ್ಬರಿಗೆ ಸುಮಾರು ನಾಲ್ಕು ಸಲ. ಕ್ಲಿಕ್ಕಿಗೆ ದುಡ್ಡು ಕೊಟ್ಟಾಗ ಕ್ಲಿಕ್ ಎಣಿಸೋಣ, ಬುಕಿಂಗಿಗೆ ಕೊಟ್ಟಾಗ ಬುಕಿಂಗ್."

ಡಾಕ್ಟರು ರಿಪೋರ್ಟನ್ನು ಮತ್ತೊಮ್ಮೆ ನೋಡಿ ನಕ್ಕುಬಿಟ್ಟರು. "ದೂರದ ಕನ್ನಡಕ ಹಾಕ್ಕೊಂಡು ಪುಸ್ತಕ ಓದೋರಿಗೆ ದಿನಾ ಬೈತೀನಿ, ನಾನೂ ಅದನ್ನೇ ಮಾಡಿದ್ನಲ್ಲಮ್ಮ! ಮುಂದಿನ ತಿಂಗಳು ಕ್ಲಿಕ್ಕಿಗೇ ಕೊಳ್ಳಿ. ಆಗ ಕ್ಲಿಕ್ ಕಮ್ಮಿಯಾದ್ರೆ ಬಿಡಲ್ಲ!"

"ಬಿಡಬೇಡಿ," ಎಂದು ಅಕ್ಕ ತಣ್ಣಗಾದ ಚಹಾವನ್ನು ಚಪ್ಪರಿಸಿ ಕುಡಿದಳು.