ನಾಲ್ಕನೇ ಪುಟದ ತಲೆಬರಹ

ಕೊಟ್ಟಾಯಂನ ಶಾಸ್ತ್ರಿ ರಸ್ತೆಯ ಹಿಂದಿನ ಓಣಿಯಲ್ಲಿ, ಹಳೆಯ ಮುದ್ರಣಾಲಯದ ಮಹಡಿಯ ಮೇಲೆ ‘ತೊಡಿ’, ಅಂದರೆ ಮನೆತೋಟ, ಎಂಬ ಕೃಷಿ ಬ್ಲಾಗಿನ ಕಚೇರಿ ಇದೆ. ಏಲಿಯಮ್ಮನಿಗೆ ಈಗ ಐವತ್ಮೂರು. ಕೆಳಗಿನ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು, ಅದು ಮುಚ್ಚಿದಾಗ ಮೆಟ್ಟಿಲು ಹತ್ತಿ ಮೇಲೆ ಬಂದಳು. ಹನ್ನೊಂದು ವರ್ಷ ಆ ಬ್ಲಾಗನ್ನು ನೋಡಿಕೊಂಡಳು. ಕಳೆದ ಜುಲೈಯಿಂದ ಅವಳು ಬಾಗಿಲ ಬಳಿಯ ಫೋನಿನ ಮೇಜಿನಲ್ಲಿದ್ದಾಳೆ.

ಕೆಲಸ ಎಲ್ಲರ ಕಣ್ಣಿಗೂ ಬೀಳುವಂಥದ್ದಲ್ಲ. ತೊಡಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬರಹಗಳಿವೆ. ‘ಕರಿಮೆಣಸು’ ಎಂಬ ಪಟ್ಟಿಯನ್ನು ಒತ್ತಿದರೆ ಆ ವಿಷಯದ ಬರಹಗಳೆಲ್ಲ ಹತ್ತು ಹತ್ತಾಗಿ ಇಪ್ಪತ್ಮೂರು ಪುಟಗಳಲ್ಲಿ ತೆರೆದುಕೊಳ್ಳುತ್ತವೆ. ಏಲಿಯಮ್ಮ ಬರುವ ಮೊದಲು ಆ ಇಪ್ಪತ್ಮೂರಕ್ಕೂ ಒಂದೇ ತಲೆಬರಹವಿತ್ತು. ಹುಡುಕಿದವರಿಗೆ ಯಾವುದು ಯಾವ ಪುಟವೆಂದು ತಿಳಿಯುತ್ತಿರಲಿಲ್ಲ. ಅವಳು ಎಲ್ಲ ಪುಟಗಳಿಗೂ ತಲೆಬರಹ ಕೊಡುವ ಒಂದೇ ಅಚ್ಚಿನಲ್ಲಿ ಪುಟದ ಅಂಕಿ ತಾನಾಗಿ ಬಂದು ಕೂರುವಂತೆ ಮಾಡಿದಳು. ಮೊದಲ ಪುಟಕ್ಕೆ ಬರೀ ‘ಕರಿಮೆಣಸು – ತೊಡಿ’. ಅಲ್ಲಿಂದ ಮುಂದೆ ‘ಕರಿಮೆಣಸು – ಪುಟ 2 – ತೊಡಿ’, ‘ಪುಟ 3’, ಹೀಗೆ. ಒಂದೇ ಒಂದು ಸಾಲಿನ ಬದಲಾವಣೆ, ಎಲ್ಲ ವಿಷಯಗಳ ಪಟ್ಟಿಗಳೂ ಸೇರಿ ನಾನೂರಕ್ಕೂ ಹೆಚ್ಚು ಪುಟಗಳು ಬೇರೆ ಬೇರೆಯಾದವು.

ಅಂಕಿಯ ಬದಲು ಒಳಗಿರುವ ವಿಷಯದ ಹೆಸರನ್ನೇ ಇಡಬಾರದೇ ಎಂದು ಮಾಲೀಕ ಕೋಶಿ ಸಾರ್ ಆಗ ಕೇಳಿದ್ದರು.

“ಬಸ್ಸಿನ ಸಾಲು ಇದ್ದ ಹಾಗೆ ಸಾರ್ ಇದು. ಮುಂದೆ ಒಬ್ಬರು ಬಂದು ನಿಂತ್ರೆ ಎಲ್ರೂ ಒಂದೊಂದು ಹೆಜ್ಜೆ ಹಿಂದೆ. ಹೊಸ ಬರಹ ಬಂದಾಗ ಮೊದಲ ಪುಟದ ಹತ್ತನೇದು ಎರಡನೇ ಪುಟಕ್ಕೆ ಜಾರುತ್ತೆ. ಇವತ್ತು ಇಟ್ಟ ಹೆಸರು ಮುಂದಿನ ತಿಂಗಳು ಸುಳ್ಳಾಗುತ್ತೆ. ಅಂಕಿ ಸುಳ್ಳಾಗಲ್ಲ.”

ಆಗ ಪಕ್ಕದಲ್ಲಿ ಕುಳಿತು ಈ ಮಾತು ಕೇಳಿದವಳು ರೋಸಿಲಿ. ಜಾಹೀರಾತಿನವರ ಫೋನುಗಳಿಗೆ ಉತ್ತರ ಕೊಡುವುದು, ಬಿಡುವಿದ್ದಾಗ ಬ್ಲಾಗಿಗೆ ಬರಹಗಳ ಕರಡು ಹಾಕುವುದು ಅವಳ ಕೆಲಸ. ಒಂಬತ್ತು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದರು. ಬುಧವಾರ ರೋಸಿಲಿಯ ಮೀನುಸಾರು, ಶುಕ್ರವಾರ ಏಲಿಯಮ್ಮನ ಮರಗೆಣಸು. ರೋಸಿಲಿಯ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನ ಮಗುವಿನ ಬೆನ್ನಿಗೆ ನಿಂತವಳು ಏಲಿಯಮ್ಮ.

ಕಳೆದ ಮೇ ಕೊನೆಗೆ ಕೋಶಿ ಸಾರ್ ಇಬ್ಬರನ್ನೂ ಕರೆದು, ಬ್ಲಾಗಿಗೆ ಇನ್ನು ಒಬ್ಬರೇ ಸಾಕು, ಇನ್ನೊಬ್ಬರು ಫೋನು ನೋಡಿಕೊಳ್ಳಲಿ, ಯಾರೆಂದು ಜೂನ್ ಕೊನೆಗೆ ಹೇಳುತ್ತೇನೆ ಎಂದರು. ಏಲಿಯಮ್ಮನಿಗೆ ಅದು ಪ್ರಶ್ನೆಯೇ ಅಲ್ಲ ಎನಿಸಿತ್ತು. ಜೂನ್ ಎಂಟರಂದು ಅವಳು ಗಂಡನ ಹೃದಯದ ಚಿಕಿತ್ಸೆಗೆ ವೆಲ್ಲೂರಿಗೆ ಹೊರಟಳು. ಹೊರಡುವ ಮುನ್ನ ರೋಸಿಲಿ ಬಂದು, ಎಂದಿನಂತೆ ಅಕ್ಕನೆಂದು ಕರೆದು ಕೇಳಿದಳು:

“ಚೇಚ್ಚಿ, ನಿಮ್ಮ ಪಾಸ್‌ವರ್ಡ್ ಕೊಟ್ಟು ಹೋಗಿ. ಮಳೆಗಾಲದ ಬರಹಗಳು ಬಂದು ಬಿದ್ದಿರ್ತಾವೆ. ನನ್ನದರಲ್ಲಿ ಬರೀ ಕರಡು ಹಾಕೋಕಾಗುತ್ತೆ.”

“ನನ್ನ ಮಗನ ಹುಟ್ಟಿದ ದಿನ ಕಣೇ. ನಿನಗೆ ಗೊತ್ತೇ ಇದೆಯಲ್ಲ.”

ಹದಿನೈದಕ್ಕೆ ವಾಪಸು ಬಂದಾಗ ಕೋಶಿ ಸಾರ್ ಮೇಜಿನ ಮೇಲೆ ರೋಸಿಲಿ ತಯಾರಿಸಿದ ವರದಿ ಇತ್ತು. ದಿನಾಂಕ ಹದಿಮೂರು. ತಲೆಬರಹ ಪರೀಕ್ಷಿಸುವ ತಂತ್ರಾಂಶ ಓಡಿಸಿ ತೆಗೆದ ಪಟ್ಟಿ: ನಾನೂರ ಹನ್ನೆರಡು ಪುಟಗಳು, ಗುಂಪು ಗುಂಪಾಗಿ ಒಂದೇ ತಲೆಬರಹ.

“ಏಲಿಯಮ್ಮಾ, ಹನ್ನೊಂದು ವರ್ಷದಲ್ಲಿ ನೀವು ಹೆಮ್ಮೆಯಿಂದ ಹೇಳ್ತಾ ಇದ್ದಿದ್ದು ಇದೊಂದೇ,” ಎಂದರು ಕೋಶಿ ಸಾರ್.

ಅವಳು ಬ್ಲಾಗು ತೆರೆದು ನೋಡಿದಳು. ಅಂಕಿ ಇರಲಿಲ್ಲ. ವೆಲ್ಲೂರಿಗೆ ಹೋಗುವ ಗಡಿಬಿಡಿಯಲ್ಲಿ ತಾನೇ ಏನೋ ಅಳಿಸಿಬಿಟ್ಟೆನೇ? ದಿನಗಟ್ಟಲೆ ಹಾಗೆಯೇ ಅಂದುಕೊಂಡಳು. ರೋಸಿಲಿ ಅವಳ ಬೆನ್ನು ಸವರಿ, “ಆಸ್ಪತ್ರೆ ಚಿಂತೇಲಿ ಯಾರಿಗಾದ್ರೂ ಆಗುತ್ತೆ ಚೇಚ್ಚಿ,” ಎಂದಳು. ತಿಂಗಳ ಕೊನೆಗೆ ಬ್ಲಾಗು ರೋಸಿಲಿಗೆ ಹೋಯಿತು.

ಜುಲೈ ಮೊದಲ ವಾರ ಕುರುಪ್ ಮಾಷ್ ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಶಾಲಾ ಮಾಸ್ತರು, ಪಾಲಾ ಊರಿನ ಬಳಿ ಎರಡೆಕರೆ ಮೆಣಸು. ಅವರು ಪರದೆಯ ಮೇಲೆ ಓದುವವರಲ್ಲ, ಪಟ್ಟಿಯ ಪುಟಗಳನ್ನು ಮುದ್ರಿಸಿ ಫೈಲಿಗೆ ಸೇರಿಸುವವರು. ಮುದ್ರಿಸಿದ ಹಾಳೆಯ ನೆತ್ತಿಯಲ್ಲಿ ದಿನಾಂಕವೂ ತಲೆಬರಹವೂ ತಾವಾಗಿ ಬರುತ್ತವೆ. ಅಡಿಯಲ್ಲಿ ವಿಳಾಸವೂ ಬರುತ್ತದೆ, ಆದರೆ ಮಲಯಾಳಂ ಪಟ್ಟಿಯ ವಿಳಾಸವೆಂದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು, ಅರ್ಧಕ್ಕೇ ತುಂಡಾಗಿರುತ್ತದೆ.

“ಏನಮ್ಮಾ ಇದು? ಎಲ್ಲಾ ಹಾಳೆಗೂ ಒಂದೇ ತಲೆ! ನನ್ನ ತರಗತೀಲಿ ಇಪ್ಪತ್ಮೂರು ಹುಡುಗರಿಗೂ ಥಾಮಸ್ ಅಂತಲೇ ಹೆಸರಿಟ್ರೆ ಹಾಜರಿ ಕೂಗೋದು ಹೇಗೆ?”

ಏಲಿಯಮ್ಮ ನಕ್ಕು ಹಾಳೆಗಳನ್ನು ತೆಗೆದುಕೊಂಡಳು. ಮೇಲಿನದರ ನೆತ್ತಿಯಲ್ಲಿ: ಜೂನ್ 12, ‘ಕರಿಮೆಣಸು – ತೊಡಿ’. ಅದರ ಹಿಂದಿನದು: ಜೂನ್ 9, ‘ಕರಿಮೆಣಸು – ಪುಟ 4 – ತೊಡಿ’.

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟಳು. ಒಂಬತ್ತನೇ ತಾರೀಕು ಅವಳು ವೆಲ್ಲೂರಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಅವತ್ತು ಅಂಕಿ ಇತ್ತು. ತಲೆಬರಹದ ಅಚ್ಚನ್ನು ಬದಲಿಸುವ ಅಧಿಕಾರ ಇದ್ದದ್ದು ಎರಡೇ ಹೆಸರಿಗೆ. ಒಂದು ಕೋಶಿ ಸಾರ್. ಅವರಿಗೆ ಅದು ಎಲ್ಲಿದೆಯೆಂದೇ ಗೊತ್ತಿಲ್ಲ. ಇನ್ನೊಂದು ಅವಳ ಮಗನ ಹುಟ್ಟಿದ ದಿನ.

“ಮಾಷೇ, ಇವೆರಡು ಹಾಳೆ ನನ್ನ ಹತ್ರ ಇರಲಿ.”

ಮಧ್ಯಾಹ್ನ ಊಟದ ಮೇಜಿನ ಮೇಲೆ ಅವುಗಳನ್ನು ರೋಸಿಲಿಯ ಡಬ್ಬಿಯ ಪಕ್ಕದಲ್ಲಿಟ್ಟಳು. ರೋಸಿಲಿ ದಿನಾಂಕ ಓದಿದಳು. ಅನ್ನ ಕಲಸುತ್ತಿದ್ದ ಕೈ ನಿಂತಿತು.

“ಒಂದು ಅಂಕಿ ತೆಗೆದೆ ಅಷ್ಟೇ. ನಿಮ್ಮ ಬರಹ ಒಂದನ್ನೂ ಮುಟ್ಟಿಲ್ಲ.”

“ನನಗೇ ಮರೆವು ಬಂತು ಅಂದ್ಕೊಂಡಿದ್ದೆನಲ್ಲೇ. ನೀನು ಬೆನ್ನು ಸವರಿದೆ.”

“ಒಂಬತ್ತು ವರ್ಷ ನಾನು ಆ ಫೋನಲ್ಲಿ ಬೈಸ್ಕೊಂಡೆ ಚೇಚ್ಚಿ. ಒಂದು ದಿನ ಕೇಳಿದ್ರಾ, ನಿನಗೂ ಈ ಕೆಲಸ ಕಲಿಸ್ಲಾ ಅಂತ?”

ಏಲಿಯಮ್ಮ ಕೇಳಿರಲಿಲ್ಲ, ನಿಜ. ತನ್ನ ಡಬ್ಬಿ ಮುಚ್ಚಿ, ಹಾಳೆಗಳನ್ನು ಎತ್ತಿಕೊಂಡು ಎದ್ದಳು.

ಕೋಶಿ ಸಾರ್ ಹಾಳೆಗಳನ್ನು ನೋಡಿ, ಕನ್ನಡಕ ಒರೆಸಿಕೊಂಡರು. “ಆಗಿದ್ದು ಆಯ್ತು. ಈಗ ಸರಿಯಾಗಿದೆಯಲ್ಲ. ಮತ್ತೆ ಕೆದಕಬೇಡಿ.”

ಸರಿ ಮಾಡಿದ್ದು ಹೀಗೆ. ಅಂಕಿಯನ್ನೇ ಮರಳಿ ಕೂರಿಸಿದ್ದರೆ ಹೊಸದೇನೂ ಮಾಡಿದಂತೆ ಕಾಣುತ್ತಿರಲಿಲ್ಲ. ಆದ್ದರಿಂದ ರೋಸಿಲಿ ಹೊರಗಿನ ತಂತ್ರಜ್ಞನಿಂದ ಪ್ರತಿ ಪುಟಕ್ಕೂ ಬೇರೆ ಹೆಸರು ಬರೆಯುವ ಜಾಗ ಮಾಡಿಸಿಕೊಂಡು, ಒಳಗಿರುವುದನ್ನು ನೋಡಿ ಒಂದೊಂದಕ್ಕೂ ಹೆಸರಿಟ್ಟಿದ್ದಳು. ಎರಡನೇ ಪುಟ ‘ಮೆಣಸಿನ ಸೊರಗು ರೋಗ’, ಮೂರನೇದು ‘ಬಳ್ಳಿ ನೆಡುವುದು’. ಕೋಶಿ ಸಾರ್‌ಗೆ ಅದು ಬಹಳ ಹಿಡಿಸಿತ್ತು.

ಆಗಸ್ಟ್ ಕೊನೆಯ ಹೊತ್ತಿಗೆ ಮೆಣಸಿನ ಬಗ್ಗೆ ಹತ್ತು ಹೊಸ ಬರಹಗಳು ಬಂದವು. ಸೊರಗು ರೋಗದ ಬರಹಗಳೆಲ್ಲ ಮೂರನೇ ಪುಟಕ್ಕೆ ಜಾರಿದವು, ಹೆಸರು ಮಾತ್ರ ಎರಡನೇದರ ಮೇಲೇ ಉಳಿಯಿತು. ಕುರುಪ್ ಮಾಷ್ ಫೋನು ಮಾಡಿದರು. ಎತ್ತಿಕೊಂಡವಳು ಏಲಿಯಮ್ಮನೇ.

“ರೋಗ ಅಂತ ಇರೋ ಬಾಗಿಲು ತೆಗೆದ್ರೆ ಒಳಗೆ ಮೆಣಸು ಒಣಗಿಸೋರು ಕೂತಿದ್ದಾರಮ್ಮ!”

“ಬರ್ಕೊಂಡಿದ್ದೀನಿ ಮಾಷೇ,” ಎಂದು ಅವಳು ದೂರನ್ನು ಚೀಟಿಯಲ್ಲಿ ಬರೆದು ಒಳಗೆ ಕಳಿಸಿದಳು. ಆ ವಾರ ಅಂಥ ಆರು ಚೀಟಿಗಳು ಹೋದವು.

ಶನಿವಾರ ರೋಸಿಲಿ ಬಾಗಿಲ ಬಳಿಗೆ ಬಂದು ನಿಂತಳು. ಕೋಶಿ ಸಾರ್ ಒಳಗಿನಿಂದ ನೋಡುತ್ತಿದ್ದರು.

“ಚೇಚ್ಚಿ, ಕೈಯಲ್ಲಿ ಬರೆದ ಹೆಸರೆಲ್ಲ ತೆಗೀತೀನಿ. ಆ ಅಂಕಿ ಎಲ್ಲಿ ಹಾಕ್ಬೇಕು ಅಂತ ಸ್ವಲ್ಪ ತೋರಿಸ್ತೀರಾ?”

ಫೋನು ರಿಂಗಾಗುತ್ತಿತ್ತು. ಏಲಿಯಮ್ಮ ಅದರ ಮೇಲೆ ಕೈಯಿಟ್ಟಳು.

“ತೆಗೆದ ಜಾಗದಲ್ಲೇ ಹಾಕು,” ಎಂದು ಹೇಳಿ ಫೋನು ಎತ್ತಿಕೊಂಡಳು.