ಜವಾಬಿ ಕಾರ್ಡಿನಲ್ಲಿ ಬಿಟ್ಟ ಸಾಲು

ಬಿಳಿಗೆರೆಗೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದ ದಿನಗಳವು, ಎಪ್ಪತ್ತರ ದಶಕದ ಕೊನೆ. ವಯಸ್ಸು ಇಪ್ಪತ್ತಾರು. ಸಂಕ್ಷೇಪ ಲೇಖನದಲ್ಲಿ ನನಗೆ ಸಮ ಯಾರೂ ಇಲ್ಲ ಎಂಬ ಜಂಬ ತಲೆಗೇರಿತ್ತು. ಮೂರು ಪುಟವನ್ನು ಒಂದು ಪುಟಕ್ಕೆ ಇಳಿಸು ಎಂದರೆ ಅರ್ಧ ಪುಟಕ್ಕೆ ಇಳಿಸಿ ಮೀಸೆ ತಿರುವುವ ಜಾತಿ ನನ್ನದು. ಊರವರ ಕಾಗದ ಬರೆದುಕೊಡುವುದೂ ನನ್ನ ಪಾಲಿಗೇ ಬಂದಿತ್ತು. ಎಲ್ಲರೂ ಉದ್ದುದ್ದ ಹೇಳುತ್ತಿದ್ದರು, ನಾನು ಕತ್ತರಿಸುತ್ತಿದ್ದೆ.

ಶಾಲೆಯ ಹಿಂದಿನ ತೋಟದ ಮನೆಯಲ್ಲಿ ಒಬ್ಬ ಅಜ್ಜಿ ತನ್ನ ಸೊಸೆಯೊಂದಿಗೆ ಇದ್ದಳು. ಅವಳ ಮಗ ತಿಪಟೂರಿನಿಂದ ಉತ್ತರದ ಕಡೆಗೆ ಕೊಬ್ಬರಿ ಒಯ್ಯುವ ಲಾರಿಯ ಕ್ಲೀನರು. ಯುಗಾದಿ ಕಳೆದ ಮೇಲೆ ಹೊರಟವನು ವಾಪಸು ಬರಲಿಲ್ಲ, ಲಾರಿ ಮಾತ್ರ ಬಂತು. ದಾರಿಯಲ್ಲೇ ಹೇಳದೆ ಕೇಳದೆ ಇಳಿದುಹೋದ ಎಂದು ಡ್ರೈವರು ಕೊಬ್ಬರಿ ಮಂಡಿಯವರಿಗೆ ಹೇಳಿದನಂತೆ. ಸೊಸೆಯ ಅಣ್ಣ ಮಂಡಿಯ ಮುಂದೆ ನಿಂತು, ಡ್ರೈವರನ್ನು ಕಂಡರೆ ಕೈಕಾಲು ಮುರಿಯುತ್ತೇನೆಂದು ಕೂಗಾಡಿದ. ಅದಾದ ವಾರದಲ್ಲೇ ಡ್ರೈವರು ಕೆಲಸ ಬಿಟ್ಟು ಹುಬ್ಬಳ್ಳಿಯಾಚೆ ಎಲ್ಲೋ ಸೇರಿಕೊಂಡ. ಕಿಬ್ಬನಹಳ್ಳಿಯಲ್ಲಿ ಲಾರಿಗಳು ನಿಲ್ಲುವ ಕಡೆ ವಿಚಾರಿಸಿ ವಿಚಾರಿಸಿ ಅಜ್ಜಿ ಅವನ ವಿಳಾಸ ತಂದಳು. ಜೊತೆಗೆ ಅಂಚೆಯಲ್ಲಿ ಒಂದು ಜವಾಬಿ ಕಾರ್ಡನ್ನೂ ಕೊಂಡಿದ್ದಳು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುತ್ತವಲ್ಲ, ಅದು. ಒಂದರಲ್ಲಿ ನಮ್ಮ ಮಾತು, ಇನ್ನೊಂದರ ಮೇಲೆ ನಮ್ಮದೇ ವಿಳಾಸ. ಅವರು ಹರಿದು, ಉತ್ತರ ಬರೆದು ಡಬ್ಬಿಗೆ ಹಾಕಿದರಾಯಿತು.

"ಮೇಷ್ಟ್ರೇ, ನಾನು ಹೇಳಾದೆಲ್ಲ ಬರ್ಕಳಿ, ಆಮೇಲೆ ಚೆಂದಾಗಿ ಕಾರ್ಡ್ಗೆ ಹಾಕಿ," ಎಂದಳು.

ಎರಡು ಸಂಜೆ ಹೇಳಿದಳು. ನಾಲ್ಕು ಹಾಳೆ ತುಂಬಿತು. ಎಮ್ಮೆ ಕರು ಹಾಕಿದ್ದು, ಬಾವಿಯ ನೀರು ತಳ ಸೇರಿದ್ದು, ಸೊಸೆ ಊಟ ಬಿಟ್ಟಿದ್ದು, ಆ ಡ್ರೈವರು ಒಮ್ಮೆ ಮನೆಗೆ ಬಂದು ಹುರುಳಿ ಸಾರಿಗೆ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡದ್ದು, ಎಲ್ಲ ಅದರಲ್ಲಿ. ನಡುವೆ ಎಲ್ಲೋ, "ನಿನ್ ಮೇಲೆ ನಂಗೆ ಸಿಟ್ಟಿಲ್ಲ ಕಣಪ್ಪ. ಆ ಹುಡ್ಗ ಕೂಗಾಡಿದ್ನ ಮನಸ್ಗೆ ಹಾಕ್ಕಬೇಡ. ಪೊಲೀಸು ಗಿಲೀಸು ಅಂತ ನಾವ್ ಹೋಗಾಕಿಲ್ಲ," ಎಂದೂ ಹೇಳಿದಳು. ಬರೆದುಕೊಂಡೆ. ಮುಂದೆ ಮತ್ತೆ ಎಮ್ಮೆ ಬಂತು.

ಡ್ರೈವರು ಅಕ್ಷರ ಕೂಡಿಸಿಕೊಂಡು ಓದುವವನು. ನೂರು ಪದ ದಾಟಿದರೆ ಅರ್ಧಕ್ಕೇ ಕೈಬಿಡುತ್ತಾನೆ. ಕಾರ್ಡಿನಲ್ಲೂ ಅದಕ್ಕಿಂತ ಹೆಚ್ಚಿಗೆ ಹಿಡಿಸುವುದಿಲ್ಲ. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಎಮ್ಮೆ ಹೋಯಿತು, ಬಾವಿ ಹೋಯಿತು, ಸಾರು ಮುದ್ದೆ ಹೋಯಿತು. ಸಿಟ್ಟಿಲ್ಲ ಎಂಬ ಮಾತು ಬರೀ ಉಪಚಾರ, ಅದೂ ಹೋಯಿತು. ಉಳಿದದ್ದು ಇಷ್ಟು: ನಿಮ್ಮ ಲಾರಿಯಲ್ಲಿ ಬಂದ ನನ್ನ ಮಗ ಮನೆ ಸೇರಿಲ್ಲ, ಅವನನ್ನು ಯಾವ ದಿನ, ಯಾವ ಊರಿನಲ್ಲಿ ಬಿಟ್ಟಿರಿ, ಆಗ ಅವನ ಸ್ಥಿತಿ ಹೇಗಿತ್ತು, ಕೂಡಲೇ ತಿಳಿಸತಕ್ಕದ್ದು. ಎಣಿಸಿ ನೋಡಿದೆ, ಇಪ್ಪತ್ತು ಪದಕ್ಕೂ ಕಡಿಮೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಓದಿ ಹೇಳಿದಾಗ ಅಜ್ಜಿ ಕಾರ್ಡನ್ನು ತಿರುವಿ ಹಿಂಬದಿ ನೋಡಿದಳು.

"ಇಷ್ಟೇನಾ ಮೇಷ್ಟ್ರೇ?"

"ಇಷ್ಟಿದ್ರೇನೇ ಉತ್ತರ ಬರೋದು ಕಣಜ್ಜಿ."

"ನೀವು ಓದಿದೋರು, ನಿಮಗ್ ಗೊತ್ತಿರ್ತದೆ ಬುಡಿ," ಎಂದು ಎದ್ದುಹೋದಳು.

ಆಷಾಢದಲ್ಲಿ ಹಾಕಿದ ಕಾರ್ಡಿಗೆ ಉತ್ತರವಿಲ್ಲ. ಶ್ರಾವಣದಲ್ಲಿ ಇನ್ನೊಂದು ಹಾಕಿದೆ, ಇನ್ನೂ ಚಿಕ್ಕದು, ಇನ್ನೂ ಬಿಗಿ. ಅದಕ್ಕೂ ಇಲ್ಲ. ಅಂಚೆಯವನ ಸೈಕಲ್ಲು ತೋಟದ ದಾರಿಗೆ ತಿರುಗಿದರೆ ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಬೇಲಿಗೆ ಬಂದು ನಿಲ್ಲುತ್ತಿದ್ದಳು. ಕುಂಕುಮ ಇಟ್ಟುಕೊಳ್ಳಲೋ ಬೇಡವೋ ಎಂದು ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತೇಬಿಡುತ್ತಾಳೆ ಎಂದು ಅಜ್ಜಿ ಹೇಳಿದಳು. ಬದುಕಿದ್ದಾನೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು ಅವರಿಗೆ. ಪಾಠ ಮಾಡುವಾಗ ಕಿಟಕಿಯಿಂದ ಆ ಬೇಲಿ ಕಾಣುತ್ತಿತ್ತು. ನಾನು ಮಕ್ಕಳ ಕಡೆಗೇ ಮುಖ ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ದೀಪಾವಳಿಗೆ ಪೆಟ್ಟಿಗೆ ಜಾಡಿಸುವಾಗ ಆ ನಾಲ್ಕು ಹಾಳೆ ಸಿಕ್ಕವು. ಬಾಗಿಲ ಬಳಿ ಕೂತು ಡ್ರೈವರಿಗೆ ಓದಿ ಹೇಳುವವನಂತೆ ಗಟ್ಟಿಯಾಗಿ ಓದಿದೆ. "ನಿನ್ ಮೇಲೆ ನಂಗೆ ಸಿಟ್ಟಿಲ್ಲ" ಎಂಬಲ್ಲಿಗೆ ಬಂದಾಗ ಅದೇ ಸಾಲನ್ನು ಮತ್ತೆ ಓದಿದೆ. ಹೆದರಿ ಊರು ಬಿಟ್ಟವನಿಗೆ ನಾನು ಬರೆದದ್ದು ಠಾಣೆಯ ಕಾಗದದಂತಿತ್ತು. ಅವನು ಪೆನ್ನು ಹಿಡಿಯಲು ಇದ್ದ ಕಾರಣ ಒಂದೇ ಒಂದು, ಅದನ್ನೇ ನಾನು ಎಮ್ಮೆಯ ಜೊತೆ ಅಟ್ಟಿಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ಮೂರನೆಯ ಕಾರ್ಡು ಹೀಗಿತ್ತು:

"ಡ್ರೈವರಪ್ಪನಿಗೆ, ನಮ್ಮನೆಯಲ್ಲಿ ಹುರುಳಿ ಸಾರಿಗೆ ಇನ್ನೊಂದು ಮುದ್ದೆ ಕೇಳಿ ಉಂಡಿದ್ದೆಯಲ್ಲ, ಆ ಮನೆಯ ಅಜ್ಜಿ ಬರೆಸುವುದು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗ ಕೂಗಾಡಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ. ಪೊಲೀಸರಿಗೆ ಹೇಳುವುದಿಲ್ಲ, ನಿನ್ನನ್ನು ಇಲ್ಲಿಗೆ ಕರೆಸುವುದೂ ಇಲ್ಲ. ನನ್ನ ಮಗ ಇದ್ದಾನೋ ಇಲ್ಲವೋ, ಅದೊಂದು ಹೇಳು. ನಿನ್ನ ಬಿಟ್ಟರೆ ಗೊತ್ತಿರುವವರು ಯಾರೂ ಇಲ್ಲ. ಸೊಸೆ ದಿನಾ ಕಾಯುತ್ತಾಳೆ. ಜೊತೆಯ ಕಾರ್ಡಿನ ಮೇಲೆ ವಿಳಾಸ ಬರೆದಿದೆ. ಒಂದು ಸಾಲು ಬರೆದು ಡಬ್ಬಿಗೆ ಹಾಕು, ಸಾಕು."

ನೂರು ಪದದ ಒಳಗೇ ಇತ್ತು. ಮೊದಲ ಸಲವೂ ಹಿಡಿಸುತ್ತಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ಅಂಚೆಯವನು ಉತ್ತರದ ಕಾರ್ಡನ್ನು ಶಾಲೆಗೇ ತಂದುಕೊಟ್ಟ. ಅಕ್ಷರ ಗೀಚಿದ ಹಾಗಿತ್ತು. ದಾರಿಯಲ್ಲಿ ನಿಂತು ಒಮ್ಮೆ ಓದಿಕೊಂಡೆ. ಲೋಡಿನ ಮೇಲಿನ ಟಾರ್ಪಾಲು ಬಿಗಿಯಲು ತಾನೇ ಅವನನ್ನು ಹತ್ತಿಸಿದ್ದು, ಅವನು ಬಿದ್ದದ್ದು, ತಲೆಗೆ ಏಟಾಗಿ ಮಾತು ಹೋದದ್ದು. ಹೆದರಿ, ಯಾರೋ ದಾರಿಹೋಕ ಎಂದು ಹೇಳಿ ಹುಬ್ಬಳ್ಳಿಯಾಚೆಯ ಆಸ್ಪತ್ರೆಗೆ ಸೇರಿಸಿದ್ದು. ಅವನನ್ನು ನೋಡಿಕೊಳ್ಳಲೆಂದೇ ಆ ಕಡೆ ಕೆಲಸ ಹಿಡಿದದ್ದು. ಅವನು ತೀರಿಕೊಂಡದ್ದು, ತಾನೇ ಮಣ್ಣು ಮಾಡಿದ್ದು. ಕೊನೆಯಲ್ಲಿ ಇಕ್ಕಟ್ಟಾಗಿ ಬರೆದಿದ್ದ: "ನಿಮ್ಮ ಮೊದಲ ಕಾರ್ಡು ಬಂದಾಗ ಅವನಿನ್ನೂ ಇದ್ದ. ಆಮೇಲೆ ಇಪ್ಪತ್ತು ದಿನಕ್ಕೆ ಹೋದ. ಆ ಕಾರ್ಡು ಓದಿ ಹೆದರಿಕೆಯಾಗಿ ಸುಮ್ಮನಾದೆ ಅಜ್ಜಿ."

ಅಜ್ಜಿ ಜಗುಲಿಯಲ್ಲಿದ್ದಳು, ಸೊಸೆ ಬಾಗಿಲಲ್ಲಿ. ಇಬ್ಬರಿಗೂ ಓದು ಬರದು. ನಾನು ಓದಿದೆ. ಟಾರ್ಪಾಲು, ಏಟು, ಆಸ್ಪತ್ರೆ, ಮಣ್ಣು, ಅಲ್ಲಿಯವರೆಗೆ ಎಲ್ಲ ಓದಿದೆ. ಸೊಸೆ ಒಳಗೆ ಹೋಗಿ ಕೂತಳು, ಅವಳು ಅತ್ತದ್ದು ಕೇಳಿಸಿತು.

ಅಜ್ಜಿ ಅಳಲಿಲ್ಲ. "ಯಾವಾಗ ಹೋದ್ನಂತೆ ಮೇಷ್ಟ್ರೇ?" ಎಂದಳು.

ಕಾರ್ಡು ನನ್ನ ಕೈಯಲ್ಲೇ ಇತ್ತು.

"ಬಿದ್ದ ಸ್ವಲ್ಪ ದಿನಕ್ಕೇ ಅಂತೆ ಅಜ್ಜಿ. ದಿನ ಬರ್ದಿಲ್ಲ."

"ಮತ್ತೇನು ಬರ್ದವ್ನೆ?"

"ಇಷ್ಟೇ."

ಸಾವಿನ ಕಾಗದ ಮನೆಯೊಳಗೆ ಇಡಬಾರದು, ಹರಿದು ಬೇಲಿಯಾಚೆ ಹಾಕಿ ಎಂದಳು. ಹರಿದೆ. ಚೂರುಗಳನ್ನು ಬೇಲಿಯಾಚೆ ಹಾಕಿ ಬಂದಾಗ ಅವಳೇ ನನ್ನ ತೋಳು ಹಿಡಿದು, "ನೀವ್ ಬರ್ದಿದ್ಕೇ ಗೊತ್ತಾಯ್ತು ಕಣಪ್ಪ, ಇಲ್ದಿದ್ರೆ ಸಾಯೋಗಂಟ ಕಾಯ್ತಿದ್ವಿ," ಎಂದಳು.