ಒಂದು ಗುಂಡು ಕಡಿಮೆಯಾದ ಬೋರಮಾಳ

ರಾಣೆಬೆನ್ನೂರಿನ ಪೇಟೆಯಲ್ಲಿ ಬಂಗಾರದ ಅಂಗಡಿ ಇಟ್ಟಿರುವ ಪ್ರಭಾಕರರಿಗೆ ಈಗ ಅರವತ್ತಾರು ವರ್ಷ. ತಂದೆ ಕೂರುತ್ತಿದ್ದ ಗಾದಿಯ ಮೇಲೆ ಇಪ್ಪತ್ತನೆಯ ವಯಸ್ಸಿನಲ್ಲಿ ಕುಳಿತವರು ಅಲ್ಲಿಂದ ಎದ್ದದ್ದು ಕಡಿಮೆ. ಮೊಣಕಾಲು ನೋಯುತ್ತದೆ, ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ. ಆದರೆ ಅವರನ್ನು ದಣಿಸಿದ್ದು ಮೊಣಕಾಲೂ ಅಲ್ಲ, ಕಣ್ಣೂ ಅಲ್ಲ. ತಾವು ನಿಗದಿ ಮಾಡದ ಒಂದು ದರದ ಸಲುವಾಗಿ ದಿನವೂ ಜನರಿಂದ ಮಾತು ಕೇಳಬೇಕಾದದ್ದು ಅವರನ್ನು ದಣಿಸಿದೆ. ದರ ಮುಂಜಾನೆ ಹುಬ್ಬಳ್ಳಿಯಿಂದ ಮೊಬೈಲಿಗೆ ಬರುತ್ತದೆ. ಇಳಿದ ದಿನ ಗಿರಾಕಿ ಹಣೆಬರಹ ಚೆನ್ನಾಗಿದೆ ಎನ್ನುತ್ತಾನೆ. ಏರಿದ ದಿನ ಸಾವುಕಾರ ಕೆಟ್ಟವನು ಎನ್ನುತ್ತಾನೆ.

ಮನೆಯೂ ಅಂಗಡಿಯೂ ಒಂದೇ ಕಟ್ಟಡ. ಒಳಗಿನಿಂದ ಹೆಂಡತಿ ಜಾನಕೀಬಾಯಿ ಚಹಾ ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಕೆಲಸಗಾರ ಸಲಾವುದ್ದೀನ ಕುಳಿತು ಬಂಗಾರದ ಗುಂಡು ಮಾಡುತ್ತಾನೆ. ಬೋರಮಾಳವೆಂಬ ಗುಂಡಿನ ಸರಕ್ಕೆ ಗುಂಡುಗಳನ್ನು ಒಂದೇ ಅಳತೆಗೆ ಇಳಿಸುವುದರಲ್ಲಿ ಈ ಪೇಟೆಯಲ್ಲಿ ಅವನಷ್ಟು ನುರಿತ ಕೈ ಇನ್ನೊಂದಿಲ್ಲ.

ಆ ವರ್ಷ ಕಾರ್ತಿಕ ಮುಗಿದ ಮೇಲೆ ಐರಣಿಯಿಂದ ಗುಡ್ಡವ್ವ ಬಂದಳು. ಗಂಡ ತೀರಿಕೊಂಡ ಮೇಲೆ ಬೀಜದ ಕಂಪನಿಗಾಗಿ ಹೊಲದಲ್ಲಿ ಮೆಣಸಿನ ಹೂವಿಗೆ ಹೂವು ಮುಟ್ಟಿಸಿ ಬೀಜ ಬೆಳೆದು, ಮಗಳು ಶಿಲ್ಪಾಳನ್ನು ಓದಿಸಿದವಳು. ಶಿಲ್ಪಾಳ ಮದುವೆ ಬ್ಯಾಡಗಿಯ ಮನೆತನದೊಂದಿಗೆ ನಿಗದಿಯಾಗಿತ್ತು. ನಿಶ್ಚಯದ ದಿನ ಹತ್ತು ಜನ ಹಿರಿಯರ ಮುಂದೆ ಗುಡ್ಡವ್ವನ ಅಣ್ಣ ಹೊಳಿಯಪ್ಪ, ‘ನಮ್ಮ ಹುಡುಗಿಗೆ ಮೂರು ತೊಲಿ ಬೋರಮಾಳ’ ಎಂದು ಎದೆಯುಬ್ಬಿಸಿ ಹೇಳಿದ್ದ. ನಮ್ಮ ಕಡೆ ಹೀಗೆ ಹೇಳಿದ ತೂಕ ಬರೆದಿಟ್ಟ ಮಾತಿಗಿಂತ ಗಟ್ಟಿ. ಮದುವೆಯಲ್ಲಿ ಕಡಿಮೆ ಬಿದ್ದರೆ ಹುಡುಗಿ ಆ ಮಾತನ್ನು ಗಂಡನ ಮನೆಯಲ್ಲಿ ವರ್ಷಗಟ್ಟಲೆ ಕೇಳಬೇಕಾಗುತ್ತದೆ.

ಬೀಜದ ರೊಕ್ಕ ಕೈಗೆ ಬಂದಿತ್ತು. ಅಂದಿನ ದರಕ್ಕೆ ಅದು ಮೂರು ತೊಲಿಗೆ, ಅಂದರೆ ಮೂವತ್ತು ಗ್ರಾಮಿಗೆ, ಸರಿಯಾಗಿ ಸಾಕಾಗುತ್ತಿತ್ತು. ಆದರೆ ಮರುದಿನವೇ ಧನುರ್ಮಾಸ ಹಿಡಿಯುವುದಿತ್ತು. ಶೂನ್ಯಮಾಸದಲ್ಲಿ ಮದುವೆಯ ಬಂಗಾರ ಕೊಳ್ಳುವುದಿಲ್ಲ.

“ಇವತ್ತ ರೊಕ್ಕ ಕಟ್ಟಿ ಇವತ್ತಿನ ದರ ಗಟ್ಟಿ ಮಾಡ್ಕೊಂಡು ಹೋಗ್ಲೇನ್ರಿ, ಸಾವ್ಕಾರ್ರ? ಇಲ್ಲಾಂದ್ರ ಸಂಕ್ರಾಂತಿ ಮುಗಿಸಿ ಬರ್ಲೋ?” ಎಂದು ಗುಡ್ಡವ್ವ ಕೇಳಿದಳು. “ಅಣ್ಣನ್ನ ಬಿಟ್ಟು ಬಂಗಾರ ಮಾಡಾಕ ಹೇಳಿದ್ರ ಅವಗ ಸಿಟ್ಟು ಬರ್ತೈತಿ.”

ಪ್ರಭಾಕರರು ಮೊಬೈಲಿನಲ್ಲಿ ಹೊರದೇಶದ ದರ ನೋಡಿದರು. ಎರಡು ವಾರದಿಂದ ಅದು ಒಂದೇ ಕಡೆ ನಿಂತಿತ್ತು.

“ಹೊರಗ ಬಂಗಾರ ನಿಂತದ, ಗುಡ್ಡವ್ವಾ. ಅವಸರ ಏನೂ ಇಲ್ಲ. ಅಣ್ಣನ್ನ ಕರ್ಕೊಂಡು ಹಬ್ಬ ಮುಗಿಸೇ ಬಾ” ಎಂದರು.

ಸಂಕ್ರಾಂತಿ ಕಳೆದ ಎರಡನೆಯ ದಿನ ಅಣ್ಣ-ತಂಗಿ ಇಬ್ಬರೂ ಮೊದಲ ಬಸ್ಸಿಗೆ ಬಂದರು. ಪ್ರಭಾಕರರು ಅಂದಿನ ದರ ಹೇಳಿದರು. ಗ್ರಾಮಿಗೆ ನೂರೈವತ್ತು ರೂಪಾಯಿಯಷ್ಟು ಏರಿತ್ತು. ಹೊಳಿಯಪ್ಪ ಕುಳಿತವನು ಎದ್ದೇಬಿಟ್ಟ.

“ಏನ್ರೀ ಇದು? ನಾನೂ ಮೊಬೈಲ್ ನೋಡೇನಿ. ಅಮೇರಿಕಾದಾಗ ಬಂಗಾರ ಅವತ್ತೆಷ್ಟಿತ್ತೋ ಇವತ್ತೂ ಅಷ್ಟ ಐತಿ. ಅಲ್ಲಿ ಏರದ್ದು ರಾಣೆಬೆನ್ನೂರಾಗ ಹೆಂಗ ಏರ್ತೈತಿ? ದಾರ್ಯಾಗ ಏನು ಮರಿ ಹಾಕ್ತೇನು?”

“ಹೊಳಿಯಪ್ಪಾ, ಬಂಗಾರ ಅಲ್ಲೇ ನಿಂತದ. ರೂಪಾಯಿ ಬಿದ್ದದ.”

“ರೂಪಾಯಿ ಎಲ್ಲಿ ಬಿದ್ದೈತ್ರಿ? ನನ್ನ ಕಿಸೆದಾಗ ನಿನ್ನೆ ಹೆಂಗಿತ್ತೋ ಇವತ್ತೂ ಹಂಗ ಐತಿ. ಹೋಗ್ಲಿ, ಈ ಕಪಾಟಿನ್ಯಾಗಿನ ಬಂಗಾರ ನೀವು ಹಬ್ಬದ ಮುಂದ ತಂದದ್ದಲ್ಲೇನು? ಹಳೇ ದರದ್ದು ಹಳೇ ದರಕ್ಕ ಕೊಡ್ರಿ.”

“ಇವತ್ತ ನಿನಗ ಕೊಟ್ಟಷ್ಟು ಬಂಗಾರ ನಾಳೆ ನಾ ಮತ್ತ ತುಂಬಿಸಿ ಇಡಬೇಕಲ್ಲಪ್ಪಾ. ನನಗ ಹಳೇ ದರಕ್ಕ ಯಾರು ಕೊಡ್ತಾರ?”

ಈ ಮಾತನ್ನು ಅವರು ಎಷ್ಟು ಜನರಿಗೆ ಹೇಳಿದ್ದರೋ. ದನಿಯಲ್ಲಿ ಸಿಟ್ಟಿರಲಿಲ್ಲ, ಉತ್ಸಾಹವೂ ಇರಲಿಲ್ಲ. ಅದು ಹೊಳಿಯಪ್ಪನಿಗೆ ಇನ್ನಷ್ಟು ಸಂಶಯ ತಂದಿತು.

“ತಂಗಿ, ಏಳು. ಹಾವೇರ್‍ಯಾಗ ನೋಡೂಣು.”

“ನೀ ಹೋಗಿ ಬಾ, ಅಣ್ಣ. ನನಗ ಬಸ್ಸು ಸಾಕಾಗೈತಿ. ನಾ ಇಲ್ಲೇ ಕುಂದ್ರತೇನಿ” ಎಂದಳು ಗುಡ್ಡವ್ವ. ಅವನು ಧೋತರದ ಚುಂಗು ಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.

ಜಾನಕೀಬಾಯಿ ಚಹಾ ತಂದುಕೊಟ್ಟರು. ಗುಡ್ಡವ್ವ ಬಸಿಯಲ್ಲಿ ಸುರಿದುಕೊಂಡು ನಿಧಾನವಾಗಿ ಕುಡಿದಳು. ಆಮೇಲೆ ಕೇಳಿದಳು: “ನೀವು ಸುಳ್ಳು ಹೇಳೂದಿಲ್ಲ ಅಂತ ಗೊತ್ತೈತ್ರಿ. ಆದ್ರ ನನಗ ತಿಳಿಯೂವಂಗ ಹೇಳ್ರಿ. ಬೀಗರ ಮುಂದ ನಾ ಏನಂತ ಹೇಳ್ಲಿ?”

ಪ್ರಭಾಕರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ದೇಶದ ಬಂಗಾರ ಹೆಚ್ಚು ಕಡಿಮಿ ಎಲ್ಲಾ ಹೊರಗಿಂದ ಬರೂದು. ಹೊರಗಿನಾವ ನಮ್ಮ ರೂಪಾಯಿ ಇಸ್ಕೊಳ್ಳೂದಿಲ್ಲ, ಡಾಲರ್ ಕೊಡು ಅಂತಾನ. ಅಂದ್ರ ತರಿಸೋ ಬ್ಯಾಂಕಿನಾವ್ರು ಮೊದಲು ರೂಪಾಯಿ ಕೊಟ್ಟು ಡಾಲರ್ ಕೊಳ್ಳಬೇಕು, ಆಮ್ಯಾಲೆ ಡಾಲರ್ ಕೊಟ್ಟು ಬಂಗಾರ ಕೊಳ್ಳಬೇಕು. ನೀ ಮೊದಲು ಬಂದಾಗ ಒಂದು ಡಾಲರಿಗೆ ಎಂಬತ್ತೈದು ರೂಪಾಯಿ ಇತ್ತು. ಈಗ ಎಂಬತ್ತಾರೂವರಿ ದಾಟೇದ. ಬಂಗಾರದಾವ ಅವತ್ತ ಕೇಳಿದಷ್ಟೇ ಡಾಲರ್ ಇವತ್ತೂ ಕೇಳ್ತಾನ. ಆದ್ರ ಅಷ್ಟು ಡಾಲರ್ ತರಾಕ ನಮಗ ಹೆಚ್ಚು ರೂಪಾಯಿ ಬೇಕು.”

ಗುಡ್ಡವ್ವನಿಗೆ ತಿಳಿದಂತೆ ಕಾಣಲಿಲ್ಲ. ಪ್ರಭಾಕರರು ಬೇರೆ ರೀತಿಯಲ್ಲಿ ಹೇಳಿದರು.

“ಮನ್ಯಾಗ ಜ್ವಾಳದ ರಾಶಿ ಅದ ಅಂತ ತಿಳಕೋ. ಅವತ್ತ ಅಳದಾಗ ಎಂಬತ್ತೈದು ಸೇರು ಆತು. ಇವತ್ತ ಅಳದ್ರ ಎಂಬತ್ತಾರೂವರಿ. ಯಾರೂ ಒಂದು ಕಾಳು ಹಾಕಿಲ್ಲ, ತಗದಿಲ್ಲ. ರಾಶಿ ಬೆಳೀತೇನು?”

“ಕಾಳು ಹೆಂಗ ಬೆಳೀತಾವ್ರಿ? ಸೇರು ಸಣ್ಣದಾಗೈತಿ.”

“ಅಷ್ಟೇ. ನಮ್ಮ ಸೇರು ಅಂದ್ರ ರೂಪಾಯಿ. ಮ್ಯಾಲೆ ಸರಕಾರದ ಸುಂಕ ಅದ. ಅದೂ ನೂರಕ್ಕ ಇಷ್ಟು ಅಂತ ಇರೂದ್ರಿಂದ, ರೂಪಾಯಿ ಲೆಕ್ಕ ಏರಿದ್ರ ಸುಂಕಾನೂ ಅದರ ಜೋಡಿ ಏರ್ತದ.”

“ಸೇರು ಯಾಕ ಸಣ್ಣದಾತ್ರಿ?”

“ಡಾಲರ್ ಬೇಕನ್ನವರು ಹೆಚ್ಚಾದ್ರು, ರೂಪಾಯಿ ಬೇಕನ್ನವರು ಕಡಿಮಿ ಆದ್ರು. ಹೊರಗಿನ ಸಾವುಕಾರ್ರು ಇಲ್ಲಿ ಹಾಕಿದ ರೊಕ್ಕ ತಗೊಂಡು ಹೊಂಟಾರಂತ.”

ಗುಡ್ಡವ್ವನಿಗೆ ತನ್ನ ಹೊಲ ನೆನಪಾಯಿತು. “ಹಂಗಾರ ನಮ್ಮ ಮೆಣಸಿನಕಾಯಿ ಹೊರಗ ಹೋದ್ರ ನಮಗೂ ಹೆಚ್ಚು ರೂಪಾಯಿ ಬರಬೇಕಲ್ರಿ?”

“ಕಳಿಸೋ ವ್ಯಾಪಾರಿಗೆ ಬರ್ತದ. ನಿನ್ನ ತನಕ ಬರ್ತದೋ ಇಲ್ಲೋ ನಾ ಹೇಳಲಾರೆ.”

“ಅದನ್ನ ನಾ ಹೇಳ್ತೇನಿ ಬಿಡ್ರಿ. ಬರೂದಿಲ್ಲ.”

ಒಳಗೆ ಸಲಾವುದ್ದೀನ ನಕ್ಕದ್ದು ಕೇಳಿಸಿತು. ಗುಡ್ಡವ್ವ ನಗಲಿಲ್ಲ.

“ಅವತ್ತ ಅವಸರ ಬ್ಯಾಡ ಅಂದ್ರಲ್ರಿ ನೀವು.”

ಪ್ರಭಾಕರರು ಈ ಮಾತಿಗೆ ಬೆಳಗಿನಿಂದಲೇ ಕಾಯುತ್ತಿದ್ದವರಂತೆ ತಲೆ ತಗ್ಗಿಸಿದರು. “ಅಂದೆ. ಬಂಗಾರ ನೋಡಿದೆ, ರೂಪಾಯಿ ನೋಡಲಿಲ್ಲ. ಇಷ್ಟು ವರ್ಷ ಈ ಗಾದಿ ಮ್ಯಾಲೆ ಕೂತಾವ ಎರಡೂ ನೋಡಬೇಕಿತ್ತು. ಎಷ್ಟು ಕಡಿಮಿ ಬೀಳ್ತದೋ ಅಷ್ಟು ನನ್ನ ಮಜೂರ್‍ಯಾಗ ಮುರಕೋ.”

“ಮಜೂರಿ ಅಂದ್ರ ಸಲಾವುದ್ದೀನಣ್ಣಂದಲ್ಲೇನ್ರಿ?”

“ಅವಂದು ಅವಗ ಕೊಟ್ಟೇ ಕೊಡ್ತೇನಿ. ನನ್ನ ಪಾಲಿಂದು ಹೇಳಾಕತ್ತೇನಿ.”

ಗುಡ್ಡವ್ವ ಬಸಿಯನ್ನು ಕೆಳಗಿಟ್ಟಳು. “ಬ್ಯಾಡ್ರಿ. ನೀವು ಹೇಳಿದ್ರಿ ಖರೇ. ಕೇಳಿದಾಕಿ ನಾನ ಅಲ್ಲ? ಅವತ್ತ ರೊಕ್ಕ ಕೈಯಾಗಿತ್ತು. ಅಣ್ಣನ ಮಾರಿಗೆ ಅಂಜಿ ಹಿಂದಕ್ಕ ಒಯ್ದೆ. ನನ್ನ ರೊಕ್ಕಕ್ಕ ಎಷ್ಟು ಬರ್ತೈತಿ ಅಷ್ಟ ಮಾಡ್ರಿ. ಎಷ್ಟು ಕಡಿಮಿ ಆಕ್ಕೈತಿ?”

ಉತ್ತರ ಕೊಟ್ಟವನು ಸಲಾವುದ್ದೀನ. ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. “ಒಂದು ಗುಂಡು, ಅಕ್ಕಾ.”

ಮಧ್ಯಾಹ್ನ ಇಳಿದ ಮೇಲೆ ಹೊಳಿಯಪ್ಪ ಹಾವೇರಿಯಿಂದ ಬಂದ. ಮುಖ ಬಾಡಿತ್ತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಜಾನಕೀಬಾಯಿ ಕೊಟ್ಟ ನೀರನ್ನು ಗಟಗಟನೆ ಕುಡಿದು, “ಅಲ್ಲೂ ಇದ ಹಣೆಬರಹ ಐತಿ” ಎಂದ. “ಒಬ್ಬಾವ ಐದು ರೂಪಾಯಿ ಹೆಚ್ಚ ಹೇಳಿದ.”

ಒಂದು ಗುಂಡು ಕಡಿಮೆ ಮಾಡಿಸುತ್ತಿರುವ ಸುದ್ದಿ ಕೇಳಿ ಅವನು ತಂಗಿಯ ಮೇಲೆ ಹರಿಹಾಯ್ದ. ಆಮೇಲೆ ಪ್ರಭಾಕರರ ಹತ್ತಿರ ಬಂದು ದನಿ ತಗ್ಗಿಸಿದ. “ಸಾವ್ಕಾರ್ರ, ಹಿಂದ ಕುತ್ತಿಗಿ ಹತ್ರ ಬಂಗಾರದ ನೀರು ಕುಡಿಸಿದ್ದು ಒಂದು ತಾಮ್ರದ ಗುಂಡು ಹಾಕ್ರಿ. ಚೀಟ್ಯಾಗ ಮೂರು ತೊಲಿ ಅಂತ ಬರೀರಿ. ಯಾರು ಬಿಚ್ಚಿ ನೋಡ್ತಾರ?”

“ನಾಳೆ ಶಿಲ್ಪಾ ಕಷ್ಟಕ್ಕ ಅಡವಿಡಾಕ ಒಯ್ದಳಂದ್ರ ತಕ್ಕಡ್ಯಾವ ನೋಡ್ತಾನ” ಎಂದರು ಪ್ರಭಾಕರರು. “ಅವತ್ತ ಆಕಿ ಮಾರಿ ಏನಾಗಬೇಕು?”

ಹೊಳಿಯಪ್ಪ ಕುಸಿದು ಕುಳಿತ. “ಹತ್ತು ಮಂದಿ ಮುಂದ ಆಡಿದ ಮಾತ್ರೀ ಅದು” ಎಂದ. ಈಗ ಅವನ ದನಿಯಲ್ಲಿ ಜಗಳ ಇರಲಿಲ್ಲ.

“ನೀ ಆಡಿದ ಮಾತು ನಾ ಬಿಡಿಸಿ ಹೇಳ್ತೇನಿ, ಅಣ್ಣ” ಎಂದಳು ಗುಡ್ಡವ್ವ. “ಇದ್ದಷ್ಟ ಬರೀರಿ, ಸಾವ್ಕಾರ್ರ.”

ಪ್ರಭಾಕರರು ಇದ್ದಷ್ಟೇ ಬರೆದರು. ಆ ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ. “ಅಂಗಡಿ ಸಾಕು, ಯಾರಿಗಾರ ಕೊಟ್ಟುಬಿಡೂಣು” ಎಂದರು. ಜಾನಕೀಬಾಯಿ ಈ ಮಾತನ್ನು ಪ್ರತಿವರ್ಷ ಒಂದೆರಡು ಸಲ ಕೇಳಿದವರು. ತುಪ್ಪ ಬಡಿಸಿದರು.

ಮದುವೆಯಾಗಿ ಹದಿನೈದು ದಿನಕ್ಕೆ ಶಿಲ್ಪಾಳ ಕಾಲುಂಗುರ ಬಿಗಿಯಾಗಿದೆ ಎಂದು ಗುಡ್ಡವ್ವ ಬಂದಳು. ಪ್ರಭಾಕರರು ಉಂಗುರವನ್ನು ಮುಟ್ಟುವ ಮೊದಲೇ ಕೇಳಿದರು: “ಏನಂದ್ರು ಬೀಗರು?”

“ಅದನ್ನ ಹೇಳಾಕ ಬಂದೇನ್ರಿ.” ಗುಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತಳು. “ಅರಿಶಿಣದ ಹಿಂದಿನ ದಿನಾನ ಬೀಗತಿ ಉಚ್ಚಂಗೆವ್ವನ್ನ ಒಳಗ ಕರದು ಹೇಳಿಬಿಟ್ಟೆ. ‘ಅಕ್ಕಾರ, ಒಂದು ಗುಂಡು ಕಡಿಮಿ ಐತ್ರಿ. ಬಂಗಾರ ಏರಿಲ್ಲ, ನಮ್ಮ ಸೇರು ಸಣ್ಣದಾಗೈತಿ’ ಅಂತ ನೀವು ಹೇಳಿದಂಗ ಹೇಳಿದೆ. ಆಕಿ ನನ್ನ ಮಾರಿ ನೋಡಿದ್ಲು, ನೋಡಿದ್ಲು, ಆಮ್ಯಾಲೆ ಬಾಗಲಾ ಹಾಕಿದ್ಲು.”

“ಆಮ್ಯಾಲೆ?”

“ಅವರೂ ನಿಶ್ಚಯದಾಗ ಎರಡು ತೊಲಿ ಸರ ಹಾಕ್ತೇವಿ ಅಂದಿದ್ರು. ಅವರೂ ಶೂನ್ಯಮಾಸ ಅಂತ ಕುಂತು, ಹಬ್ಬ ಮಾಡಿ ತಂದಾರ. ಅದೂ ಕಡಿಮಿ ಬಿದ್ದೈತಿ. ಉಚ್ಚಂಗೆವ್ವ ಬ್ಯಾಡಗಿ ಅಂಗಡ್ಯಾವನ ಕೂಡ ಜಗಳಾಡಿ, ಅವನ ಮನಿ ಮಂದಿಗೆಲ್ಲ ಬೈದು ಬಂದಾಳಂತ. ‘ಅಯ್ಯ, ಅವಂದೇನೂ ತಪ್ಪಿದ್ದಿಲ್ಲೇನು ಹಂಗಾರ?’ ಅಂತ ಬಾಯಿ ಮ್ಯಾಲೆ ಕೈ ಇಟ್ಟುಕೊಂಡ್ಲು. ‘ಗುಡ್ಡವ್ವಾ, ಮತ್ತ ನಾವು ಜಗಳಾ ಆಡೂದರ ಯಾರ ಕೂಡ?’ ಅಂದ್ಲು.”

ಪ್ರಭಾಕರರು ಬಹಳ ದಿನಗಳ ಮೇಲೆ ನಕ್ಕರು. “ನೀ ಏನಂದಿ?”

“ಏನನ್ನಾಕ ಆಕ್ಕೈತ್ರಿ? ಅಡಿಗಿ ಆರಾಕತ್ತಿತ್ತು. ಊಟಕ್ಕ ಏಳ್ರಿ ಅಂದೆ.”